ಔಷಧಿ ಬಿಲ್ಲು ಮತ್ತು ವಿಮೆಯ ಹಣ



ನಮ್ಮ ಓಣಿಯಲ್ಲಿರುವ ನಿವೃತ್ತ ಮಾಸ್ತರರೊಬ್ಬರು 2025ರ ಸೆಪ್ಟೆಂಬರ್ ತಿಂಗಳಲ್ಲಿ ಒಂದು ಸಂಜೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚೀಲದ ತುಂಬ ಔಷಧಿ ಅಂಗಡಿಯ ಬಿಲ್ಲುಗಳು. ಅವುಗಳ ಮೇಲೆ ವಿಮಾ ಕಂಪನಿಯಿಂದ ಬಂದ ಒಂದು ಪತ್ರ. “ಶಾಸ್ತ್ರಿಗಳೇ, ಹದಿನೆಂಟು ಸಾವಿರದ ಬಿಲ್ಲು ಕೊಟ್ಟೀನಿ, ಎರಡು ಸಾವಿರ ಚಿಲ್ಲರೆ ಕೊಟ್ಟಾರ. ನನ್ನ ಕಡೆ ಸುಳ್ಳು ಒಂದೂ ಇಲ್ಲ, ಮತ್ಯಾಕ ಹಿಂಗ?” ಎಂದು ಕೇಳಿದರು. ನನಗೆ ವಿಮೆಯ ವ್ಯವಹಾರ ಗೊತ್ತಿರಲಿಲ್ಲವೆಂದಲ್ಲ. ನನ್ನ ಹಿರಿಯ ಅಣ್ಣನವರ ಚಿಕಿತ್ಸೆಯ ಕಾಲದಲ್ಲಿ ಇಂತಹ ಕಾಗದಗಳನ್ನು ಹೊತ್ತು ಹಲವು ಸಲ ಅಲೆದಿದ್ದೇನೆ. ಆದ್ದರಿಂದ ಕಾಗದಗಳನ್ನೆಲ್ಲ ಚಾಪೆಯ ಮೇಲೆ ದಿನಾಂಕದ ಕ್ರಮದಲ್ಲಿ ಹರಡಿ ಕುಳಿತೆವು. ಅಂದು ಕಂಡುಕೊಂಡ ಸಂಗತಿಗಳನ್ನೇ, ಮಾಸ್ತರರ ಒಪ್ಪಿಗೆ ಪಡೆದು, ಈ ತಿಂಗಳ ಅಂಕಣದಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಆರೋಗ್ಯ ವಿಮೆ ಮಾಡಿಸಿದ್ದೇವೆ, ಆದ್ದರಿಂದ ಪ್ರತಿ ತಿಂಗಳು ಕೊಳ್ಳುವ ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳ ಹಣವೂ ಬರುತ್ತದೆ ಎಂದು ಅನೇಕ ಮನೆಗಳಲ್ಲಿ ನಂಬಿದ್ದಾರೆ. ಸಾಮಾನ್ಯ ಪಾಲಿಸಿಗಳು ಹಾಗೆ ಕೊಡುವುದಿಲ್ಲ. ರೋಗಿಯು ಆಸ್ಪತ್ರೆಗೆ ದಾಖಲಾಗಬೇಕು. ಆಗ ದಾಖಲಾತಿಯ ಅವಧಿಯ ಔಷಧಿ, ಅದಕ್ಕೆ ಮುಂಚಿನ ಕೆಲವು ದಿನಗಳ ಔಷಧಿ, ಮನೆಗೆ ಬಂದ ಮೇಲಿನ ಕೆಲವು ದಿನಗಳ ಔಷಧಿ, ಇಷ್ಟಕ್ಕೆ ಮಾತ್ರ ಹಣ ದೊರೆಯುತ್ತದೆ. ಹೊರರೋಗಿ ಚಿಕಿತ್ಸೆಗೂ ಹಣ ಕೊಡುವ ಪಾಲಿಸಿಗಳು ಇಲ್ಲದಿಲ್ಲ. ಆದರೆ ಆ ಮಾತು ತಮ್ಮ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಮಾಸ್ತರರದು ‘ಆರೋಗ್ಯ ಸಂಜೀವಿನಿ’ ಪಾಲಿಸಿ. ಇದು 2020ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಎಲ್ಲ ಕಂಪನಿಗಳೂ ಒಂದೇ ನಿಯಮಗಳ ಮೇಲೆ ಮಾರತೊಡಗಿದ ಪಾಲಿಸಿಯಾದ್ದರಿಂದ ಉದಾಹರಣೆಗೆ ಅನುಕೂಲ. ಇದರಲ್ಲಿ ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯಾದ ನಂತರದ 60 ದಿನ ಎಂದು ಲೆಕ್ಕ. ಒಪ್ಪಿತವಾದ ಮೊತ್ತದಲ್ಲಿ ನೂರಕ್ಕೆ 5 ರೂಪಾಯಿಯನ್ನು ಪಾಲಿಸಿದಾರರೇ ಭರಿಸಬೇಕು. ಬೇರೆ ಪಾಲಿಸಿಗಳಲ್ಲಿ ಈ ದಿನಗಳು ಹೆಚ್ಚು ಇರಬಹುದು. ತಮ್ಮದನ್ನು ತೆಗೆದು ನೋಡಿಕೊಳ್ಳಬೇಕು.

ಮಾಸ್ತರರಿಗೆ ಎದೆನೋವು ಬಂದು ಜೂನ್ 10ರಂದು ಆಸ್ಪತ್ರೆಗೆ ದಾಖಲಾದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಜೂನ್ 14ರಂದು ಮನೆಗೆ ಕಳುಹಿಸಿದರು. ಆಸ್ಪತ್ರೆಯ ದೊಡ್ಡ ಬಿಲ್ಲನ್ನು ಕಂಪನಿಯು ನೇರವಾಗಿ ಆಸ್ಪತ್ರೆಗೇ ಸಂದಾಯ ಮಾಡಿತ್ತು, ಅದರಲ್ಲಿ ತಕರಾರಿರಲಿಲ್ಲ. ತಕರಾರು ಬಂದದ್ದು ಹೊರಗಿನ ಅಂಗಡಿಗಳಲ್ಲಿ ತಾವೇ ರೊಕ್ಕ ಕೊಟ್ಟು ತಂದ ಔಷಧಿಗಳಿಗೆ. ಅಂತಹ ಬಿಲ್ಲುಗಳು ಆರು. ಮೇ 3ರಂದು ಹೊಟ್ಟೆಯ ಉರಿಗೆಂದು ತಂದ ಔಷಧಿ, 380 ರೂಪಾಯಿ. ಜೂನ್ 2ರಂದು ಎದೆನೋವಿಗೆಂದು ಊರಿನ ವೈದ್ಯರು ಬರೆದದ್ದು, 640 ರೂಪಾಯಿ. ಜೂನ್ 11ರ ರಾತ್ರಿ, ಆಸ್ಪತ್ರೆಯ ಅಂಗಡಿಯಲ್ಲಿ ಇಲ್ಲವೆಂದು ಮಗ ಹೊರಗಿನಿಂದ ತಂದ ಚುಚ್ಚುಮದ್ದು, 4,850 ರೂಪಾಯಿ. ಜೂನ್ 15ರಂದು ಒಂದು ತಿಂಗಳ ಮಾತ್ರೆ ಮತ್ತಿತರ ಸಾಮಾನು, 3,060 ರೂಪಾಯಿ. ಜುಲೈ 15ರಂದು ಎರಡನೆಯ ತಿಂಗಳ ಮಾತ್ರೆ, 2,400 ರೂಪಾಯಿ. ಆಗಸ್ಟ್ 9ರಂದು ಮಗನ ಊರಿಗೆ ಹೊರಡುವಾಗ ಮೂರು ತಿಂಗಳಿಗೆ ಆಗುವಷ್ಟು ಮಾತ್ರೆ, 7,200 ರೂಪಾಯಿ. ಒಟ್ಟು 18,530 ರೂಪಾಯಿ.

ಇದರಲ್ಲಿ ಕಂಪನಿ ಒಪ್ಪಿದ್ದು 2,400 ರೂಪಾಯಿಯನ್ನು ಮಾತ್ರ. ಅದರಲ್ಲಿ ನೂರಕ್ಕೆ 5ರಂತೆ 120 ರೂಪಾಯಿ ಕಳೆದು 2,280 ರೂಪಾಯಿ ಬ್ಯಾಂಕಿಗೆ ಜಮಾ ಆಗಿತ್ತು.

ಚಿಕ್ಕಂದಿನಲ್ಲಿ ಮಠದ ಪಾಠಶಾಲೆಯಲ್ಲಿ ಓಲೆಗರಿಯ ಗ್ರಂಥಗಳ ಪಾಠಾಂತರ ನೋಡುವ ಕೆಲಸಕ್ಕೆ ಗುರುಗಳು ನಮ್ಮನ್ನು ಕೂರಿಸುತ್ತಿದ್ದರು. ಮೂರು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ತಾಳೆ ನೋಡಬೇಕು. ವಿಮಾ ಕಂಪನಿಯ ಗುಮಾಸ್ತರು ಮಾಡುವುದೂ ಅದನ್ನೇ. ಅಂಗಡಿಯ ಬಿಲ್ಲು, ವೈದ್ಯರ ಚೀಟಿ, ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿ, ಈ ಮೂರನ್ನೂ ಅಕ್ಕಪಕ್ಕ ಇಟ್ಟು ರೋಗಿಯ ಹೆಸರು, ದಿನಾಂಕ, ಔಷಧಿ, ಅದರ ಪ್ರಮಾಣ ಹೊಂದುತ್ತವೆಯೇ ಎಂದು ನೋಡುತ್ತಾರೆ. ಅವರು ಮಾಸ್ತರರನ್ನು ಕಂಡವರಲ್ಲ. ಅವರ ಮುಂದಿರುವುದು ಕಾಗದ ಮಾತ್ರ. ಕಾಗದ ಹೇಳದ ಸತ್ಯಕ್ಕೆ ಅವರು ಹಣ ಕೊಡಲಾರರು.

ಜೂನ್ 11ರ ಚುಚ್ಚುಮದ್ದಿನ ಕಾಗದವನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ದೊಡ್ಡ ಮೊತ್ತವಿತ್ತು. ಅದು ಬಿಲ್ಲೇ ಆಗಿರಲಿಲ್ಲ. ಕಾಗದದ ತಲೆಯ ಮೇಲೆ ‘ಎಸ್ಟಿಮೇಟ್’ ಎಂದು ಅಚ್ಚಾಗಿತ್ತು. ಕ್ರಮಸಂಖ್ಯೆ ಇರಲಿಲ್ಲ, ಅಂಗಡಿಯ ಲೈಸೆನ್ಸ್ ನಂಬರು ಇರಲಿಲ್ಲ. ರಾತ್ರಿ ಅವಸರದಲ್ಲಿ ಮಗ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಎಸ್ಟಿಮೇಟೆಂದರೆ ಬೆಲೆ ಎಷ್ಟಾದೀತು ಎಂಬ ಅಂದಾಜು. ಮಾರಾಟ ನಡೆಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಸರಿಯಾದ ಬಿಲ್ಲಿನಲ್ಲಿ ಅಂಗಡಿಯ ಹೆಸರು ಮತ್ತು ವಿಳಾಸ, ಔಷಧಿ ಮಾರಾಟದ ಲೈಸೆನ್ಸ್ ನಂಬರು, ಬಿಲ್ಲಿನ ನಂಬರು ಮತ್ತು ದಿನಾಂಕ, ರೋಗಿಯ ಹೆಸರು, ಬರೆದುಕೊಟ್ಟ ವೈದ್ಯರ ಹೆಸರು, ಒಂದೊಂದು ಔಷಧಿಯ ಎದುರಿಗೆ ಅದರ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು, ಎಣಿಕೆ ಮತ್ತು ಬೆಲೆ ಇರುತ್ತವೆ. ಜಿ.ಎಸ್.ಟಿ. ನೋಂದಣಿ ಮಾಡಿಸಿದ ಅಂಗಡಿಯಾದರೆ ಆ ನಂಬರೂ ಇರುತ್ತದೆ. ಬ್ಯಾಚ್ ನಂಬರು ನಮಗೆ ನಿರರ್ಥಕವೆನಿಸಬಹುದು. ಆದರೆ ಅನುಮಾನ ಬಂದಾಗ ಕಂಪನಿಯವರು ಅಂಗಡಿಗೆ ಕೇಳಿ, ಆ ಬ್ಯಾಚಿನ ಮಾಲು ಅಲ್ಲಿಗೆ ಬಂದಿತ್ತೇ ಎಂದು ಪರಿಶೀಲಿಸಬಲ್ಲರು.

ಮಾಸ್ತರರ ಮಗನಿಗೆ ಆ ಅಂಗಡಿಗೆ ಹೋಗಿ ಬರಲು ಹೇಳಿದೆ. ಅದೃಷ್ಟಕ್ಕೆ ಅಂಗಡಿಯವರ ಕಂಪ್ಯೂಟರಿನಲ್ಲಿ ಆ ರಾತ್ರಿಯ ಮಾರಾಟ ದಾಖಲಾಗಿತ್ತು. ಅಂದಿನ ನಂಬರು, ಅಂದಿನ ದಿನಾಂಕವಿರುವ ಬಿಲ್ಲಿನ ಎರಡನೆಯ ಪ್ರತಿಯನ್ನು ಅಚ್ಚುಹಾಕಿ, ಸಹಿ ಮಾಡಿ ಮೊಹರು ಒತ್ತಿ ಕೊಟ್ಟರು. ಆಸ್ಪತ್ರೆಯ ವೈದ್ಯರು ಚುಚ್ಚುಮದ್ದು ತರಲು ಬರೆದ ಚೀಟಿಯ ಪ್ರತಿಯನ್ನು ಆಸ್ಪತ್ರೆಯ ದಾಖಲೆ ವಿಭಾಗದಿಂದ ಪಡೆದು ಅದಕ್ಕೆ ಜೋಡಿಸಿದೆವು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಾರಾಟವು ಪುಸ್ತಕದಲ್ಲಿ ಏರದೇ ಹೋಗಿದ್ದರೆ ಹಿಂದಿನ ತಾರೀಖು ಹಾಕಿ ಹೊಸ ಬಿಲ್ಲು ಮಾಡಿಸುವ ದಾರಿಯನ್ನು ಹಿಡಿಯಬಾರದು. “ನಾಲ್ಕು ಸಾವಿರದ ಜೊತೆಗೆ ಇನ್ನೆರಡು ಸೇರಿಸಿ ಕೊಡಲೇ?” ಎಂದು ಕೇಳುವ ಅಂಗಡಿಗಳೂ ಇವೆ. ಒಂದು ಸುಳ್ಳು ಬಿಲ್ಲು ಸಿಕ್ಕಿಬಿದ್ದರೆ ಪಾಲಿಸಿಯ ವಂಚನೆಯ ನಿಯಮದಂತೆ ಪಾಲಿಸಿಯ ಎಲ್ಲ ಪ್ರಯೋಜನವೂ, ಕಟ್ಟಿದ ಕಂತೂ ಹೋಗುತ್ತವೆ. ಪ್ರಾಮಾಣಿಕವಾದ ಉಳಿದ ಬಿಲ್ಲುಗಳೂ ಅದರೊಂದಿಗೆ ಮುಳುಗುತ್ತವೆ.

ಜುಲೈ 15ರ 2,400 ರೂಪಾಯಿಯ ಬಿಲ್ಲಿಗೆ ಎರಡು ಆಕ್ಷೇಪಣೆಗಳಿದ್ದವು. ಒಂದು, ಬಿಲ್ಲು ಮಗನ ಹೆಸರಿನಲ್ಲಿತ್ತು. ಈಗಿನ ಅಂಗಡಿಗಳಲ್ಲಿ ಫೋನ್ ನಂಬರು ಹೇಳಿದೊಡನೆ ಆ ನಂಬರಿನವರ ಹೆಸರು ತಾನಾಗಿಯೇ ಬಿಲ್ಲಿನ ಮೇಲೆ ಬರುತ್ತದೆ. ಔಷಧಿ ತರಲು ಹೋದವರು ತಮ್ಮ ನಂಬರು ಹೇಳುತ್ತಾರೆ. ರೋಗಿಯ ಹೆಸರು ಮಾಯವಾಗುತ್ತದೆ. ಪೆನ್ನಿನಿಂದ ಹೆಸರು ತಿದ್ದಿದರೆ ಸಂಶಯ ಇಮ್ಮಡಿಯಾಗುತ್ತದೆ. ಅಂಗಡಿಯವರು ಅದೇ ನಂಬರಿನ ಬಿಲ್ಲನ್ನು ರೋಗಿಯ ಹೆಸರಿನಲ್ಲಿ ಮತ್ತೆ ಅಚ್ಚುಹಾಕಿಕೊಟ್ಟು, ಔಷಧಿ ಇಂತಹ ವೈದ್ಯರ ಚೀಟಿಯ ಮೇಲೆ ಇಂತಹ ರೋಗಿಗಾಗಿ ಮಾರಿದ್ದು ಎಂದು ತಮ್ಮ ಕಾಗದದಲ್ಲಿ ಬರೆದುಕೊಟ್ಟರು. ಮನೆಯಲ್ಲಿ ಕರೆಯುವ ಹೆಸರು ಒಂದು, ಆಧಾರ್ ಚೀಟಿಯಲ್ಲಿ ಇನ್ನೊಂದು, ಪಾಲಿಸಿಯಲ್ಲಿ ಮತ್ತೊಂದು ಎಂಬ ಸ್ಥಿತಿ ನಮ್ಮ ಮನೆಗಳಲ್ಲಿ ಸಾಮಾನ್ಯ. ಬಸವರಾಜ, ಬಸವರಾಜಪ್ಪ ಎರಡೂ ನಮಗೆ ಒಬ್ಬರೇ. ಕಾಗದ ತಾಳೆ ನೋಡುವವರಿಗೆ ಇಬ್ಬರು. ಪಾಲಿಸಿಯಲ್ಲಿರುವ ಹೆಸರನ್ನೇ ಆಸ್ಪತ್ರೆಯಲ್ಲಿಯೂ ಅಂಗಡಿಯಲ್ಲಿಯೂ ಬರೆಸುವುದು ಕ್ಷೇಮ.

ಎರಡನೆಯ ಆಕ್ಷೇಪಣೆ ವೈದ್ಯರ ಚೀಟಿ ಇಲ್ಲವೆಂಬುದು. ಮಾಸ್ತರರು ಡಿಸ್ಚಾರ್ಜ್ ಸಮ್ಮರಿಯನ್ನೇ ಎಲ್ಲ ಬಿಲ್ಲುಗಳಿಗೂ ಆಧಾರವೆಂದು ಭಾವಿಸಿದ್ದರು. ಅದರಲ್ಲಿ ಮಾತ್ರೆಗಳ ಪಟ್ಟಿ ಇತ್ತು ನಿಜ. ಆದರೆ ಕೊನೆಗೆ ‘ಒಂದು ತಿಂಗಳು, ನಂತರ ಮರುಪರೀಕ್ಷೆಗೆ ಬರಬೇಕು’ ಎಂದು ಬರೆದಿತ್ತು. ಆದ್ದರಿಂದ ಅದರ ಬಲ ಜುಲೈ 14ಕ್ಕೆ ಮುಗಿಯಿತು. ಜೂನ್ 15ರ ಬಿಲ್ಲಿಗೆ ಅದು ಸಾಕಾಯಿತು, ಜುಲೈ 15ರದಕ್ಕೆ ಸಾಲಲಿಲ್ಲ. ಪರಿಚಯದ ಅಂಗಡಿಯವರು ಹಳೆಯ ಮಾತ್ರೆಯ ಹಾಳೆ ನೋಡಿ ಔಷಧಿ ಕೊಡುತ್ತಾರೆ. ಆ ಉಪಕಾರವೇ ಮುಂದೆ ತೊಡಕಾಗುತ್ತದೆ. ಮಾಸ್ತರರು ಜುಲೈ 14ರಂದು ಮರುಪರೀಕ್ಷೆಗೆ ಹೋಗಿದ್ದರು, ವೈದ್ಯರು ಅವೇ ಮಾತ್ರೆಗಳನ್ನು ಮುಂದುವರಿಸಲು ಆಸ್ಪತ್ರೆಯ ಪುಸ್ತಕದಲ್ಲಿ ಬರೆದಿದ್ದರು. ಆ ಪುಸ್ತಕ ಅಕ್ಕನವರ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು! ಅದರ ಪುಟದ ಪ್ರತಿಯನ್ನು ಜೋಡಿಸಿದ್ದರೆ ಮೊದಲೇ ಮುಗಿಯುತ್ತಿತ್ತು.

ಚೀಟಿಯೆಂದರೆ ಹೇಗಿರಬೇಕೆಂಬುದನ್ನು 1945ರ ಔಷಧಿ ನಿಯಮಗಳೇ ಹೇಳಿವೆ. ಅದು ಬರವಣಿಗೆಯಲ್ಲಿರಬೇಕು, ವೈದ್ಯರ ಸಹಿ ಮತ್ತು ದಿನಾಂಕ ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಔಷಧಿಯ ಒಟ್ಟು ಪ್ರಮಾಣ ಮತ್ತು ಸೇವಿಸುವ ಕ್ರಮ ಇರಬೇಕು. ವೈದ್ಯರ ನೋಂದಣಿ ಸಂಖ್ಯೆಯೂ ಅದರಲ್ಲಿ ಇರತಕ್ಕದ್ದು. ‘ಎಷ್ಟು ದಿನ’ ಎಂಬುದನ್ನು ಬರೆಯಲು ಅನೇಕ ವೈದ್ಯರು ಮರೆಯುತ್ತಾರೆ. ಎದ್ದು ಬರುವ ಮುನ್ನ ವಿನಯದಿಂದ ಕೇಳಿ ಬರೆಸಿಕೊಳ್ಳಬೇಕು. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ತರುವವರು ಇನ್ನೊಂದು ವಿಷಯ ಗಮನಿಸಬೇಕು. ವೈದ್ಯರು ಕಂಪನಿಯ ಹೆಸರಿನಲ್ಲಿ ಬರೆದಿರುತ್ತಾರೆ, ಕೇಂದ್ರದ ಬಿಲ್ಲಿನಲ್ಲಿ ಮೂಲದ್ರವ್ಯದ ಹೆಸರಿರುತ್ತದೆ. ಎರಡೂ ಒಂದೇ ಔಷಧಿಯಾದರೂ ಕಾಗದದಲ್ಲಿ ಬೇರೆಯಾಗಿ ಕಾಣುತ್ತದೆ. ಚೀಟಿಯಲ್ಲಿಯೇ ಮೂಲದ್ರವ್ಯದ ಹೆಸರನ್ನು ಬರೆಸಿಕೊಂಡರೆ ಪ್ರಶ್ನೆ ಏಳುವುದಿಲ್ಲ.

ಜೂನ್ 15ರ 3,060 ರೂಪಾಯಿಯಲ್ಲಿ ಕಂಪನಿ 2,400 ರೂಪಾಯಿ ಒಪ್ಪಿ 660 ರೂಪಾಯಿ ಕಡಿತ ಮಾಡಿತ್ತು. ಈ ಕಡಿತ ನ್ಯಾಯವಾದದ್ದೆಂದೇ ನಾನು ಮಾಸ್ತರರಿಗೆ ಹೇಳಿದೆ. 260 ರೂಪಾಯಿ ಅವರ ಹಳೆಯ ಸಕ್ಕರೆ ಕಾಯಿಲೆಯ ಮಾತ್ರೆಗಳದು. ಅವು ಡಿಸ್ಚಾರ್ಜ್ ಸಮ್ಮರಿಯ ಪಟ್ಟಿಯಲ್ಲಿರಲಿಲ್ಲ, ಬೇರೆ ವೈದ್ಯರ ಹಳೆಯ ಚೀಟಿಯ ಮೇಲೆ ತಂದವು. ಬಿಡುಗಡೆಯ ನಂತರದ 60 ದಿನಗಳ ಸೌಲಭ್ಯವು ಯಾವ ಕಾಯಿಲೆಗಾಗಿ ದಾಖಲಾದರೋ ಅದೇ ಕಾಯಿಲೆಯ ಔಷಧಿಗೆ ಮಾತ್ರ. ಉಳಿದ 400 ರೂಪಾಯಿ ಶಕ್ತಿಗೆಂದು ಅಕ್ಕನವರೇ ಕೇಳಿ ತರಿಸಿದ ಟಾನಿಕ್ಕು. ವಿಟಮಿನ್ನು, ಟಾನಿಕ್ಕುಗಳನ್ನು ದಾಖಲಾತಿಯ ಚಿಕಿತ್ಸೆಯ ಭಾಗವಾಗಿ ವೈದ್ಯರು ಬರೆದಿದ್ದರೆ ಮಾತ್ರ ಕೊಡುತ್ತಾರೆ. ಕೈಗವಸು, ಜ್ವರ ನೋಡುವ ಥರ್ಮಾಮೀಟರು ಮೊದಲಾದವು ಔಷಧಿಯಲ್ಲದ ವಸ್ತುಗಳ ಪಟ್ಟಿಯಲ್ಲಿವೆ. ಅವು ಬಿಲ್ಲಿನಲ್ಲಿದ್ದರೂ ಸಾಮಾನ್ಯವಾಗಿ ಕಡಿತವಾಗುತ್ತವೆ. ಚಿಕಿತ್ಸೆಯ ಔಷಧಿಗೆ ಒಂದು ಬಿಲ್ಲು, ಮನೆಯ ಇತರ ಸಾಮಾನಿಗೆ ಇನ್ನೊಂದು ಬಿಲ್ಲು ಮಾಡಿಸಿದರೆ ಲೆಕ್ಕ ನೋಡುವವರಿಗೂ ಸುಲಭ, ನಮಗೂ ಸುಲಭ.

ದಿನಗಳ ಲೆಕ್ಕದಲ್ಲಿ ಎರಡು ಬಿಲ್ಲು ಹೋದವು. ಜೂನ್ 10ರಿಂದ 30 ದಿನ ಹಿಂದಕ್ಕೆ ಎಣಿಸಿದರೆ ಮೇ 11. ಮೇ 3ರ 380 ರೂಪಾಯಿ ಆ ಗೆರೆಯಾಚೆ ಉಳಿಯಿತು. ಜೂನ್ 14ರಿಂದ 60 ದಿನ ಮುಂದಕ್ಕೆ ಎಣಿಸಿದರೆ ಆಗಸ್ಟ್ 13. ಆಗಸ್ಟ್ 9ರ ಬಿಲ್ಲು ಗೆರೆಯೊಳಗೇ ಇದೆಯಲ್ಲ ಎಂದು ಮಾಸ್ತರರು ವಾದಿಸಿದರು. ನಾನು ಮಾತ್ರೆಗಳನ್ನು ಎಣಿಸಿ ತೋರಿಸಿದೆ. ಜೂನ್ 15ರಂದು ತಂದ 30 ದಿನದ ಮಾತ್ರೆ ಜುಲೈ 14ರವರೆಗೆ, ಜುಲೈ 15ರಂದು ತಂದ 30 ದಿನದ್ದು ಆಗಸ್ಟ್ 13ರವರೆಗೆ. ಪಾಲಿಸಿಯ ಅವಧಿಗೆ ಬೇಕಾದ ಮಾತ್ರೆ ಆಗಲೇ ಮನೆಯಲ್ಲಿತ್ತು. ಆಗಸ್ಟ್ 9ರಂದು ತಂದ 90 ದಿನದ ಮಾತ್ರೆ ಪೂರ್ತಿಯಾಗಿ ಆಗಸ್ಟ್ 13ರ ನಂತರದ ಸೇವನೆಗೆ. ಕೊಂಡ ದಿನ ಒಳಗಿದ್ದರೂ ಸೇವಿಸುವ ದಿನಗಳು ಹೊರಗಿದ್ದವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕದ ಮಾಸ್ತರ ನಾನು, ಲೆಕ್ಕ ನೀವು ಹೇಳಿಕೊಡಬೇಕಾಯ್ತು” ಎಂದು ನಕ್ಕರು.

ಇನ್ನು ಅತ್ಯಂತ ನೋವಿನ ಸಂಗತಿ ವಿಳಂಬದ್ದು. 60 ದಿನ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಕೊಡಬೇಕೆಂದು ತಿಳಿದು ಅವರು ಆಗಸ್ಟ್ 20ರಂದು ಕಟ್ಟು ಕಟ್ಟಿ ಕೊಟ್ಟಿದ್ದರು. ಈ ಪಾಲಿಸಿಯಲ್ಲಿ ಗಡುವುಗಳು ಎರಡು. ದಾಖಲಾತಿಯ ಅವಧಿಯ ಮತ್ತು ಅದಕ್ಕೆ ಮುಂಚಿನ ಖರ್ಚಿನ ಬಿಲ್ಲುಗಳನ್ನು ಬಿಡುಗಡೆಯಾದ 30 ದಿನಗಳೊಳಗೆ, ಅಂದರೆ ಜುಲೈ 14ರೊಳಗೆ, ಕೊಡಬೇಕಾಗಿತ್ತು. ನಂತರದ ಖರ್ಚಿನ ಬಿಲ್ಲುಗಳನ್ನು ಆ ಚಿಕಿತ್ಸೆಯ ಅವಧಿ ಮುಗಿದ 15 ದಿನಗಳೊಳಗೆ, ಅಂದರೆ ಆಗಸ್ಟ್ 28ರೊಳಗೆ, ಕೊಡಬೇಕು. ಹೀಗಾಗಿ ಜೂನ್ 2ರ 640 ರೂಪಾಯಿಯ ಬಿಲ್ಲಿನಲ್ಲಿ ಬೇರಾವ ದೋಷವಿಲ್ಲದಿದ್ದರೂ ತಡವಾಯಿತೆಂದು ತಳ್ಳಿದ್ದರು. ಚುಚ್ಚುಮದ್ದಿನ ಕಾಗದಕ್ಕೂ ಅದೇ ಮಾತು ಸೇರಿತ್ತು.

ಇಲ್ಲಿ ಮಾತ್ರ ಕಂಪನಿಯ ನಿಲುವನ್ನು ನಾನು ಒಪ್ಪಲಿಲ್ಲ. ತಡವಾಯಿತೆಂಬ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದು, ಅನಿವಾರ್ಯ ಕಾರಣವಿದ್ದರೆ ಪರಿಗಣಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರ ಸೆಪ್ಟೆಂಬರ್ 20ರಂದೇ ಸುತ್ತೋಲೆ ಹೊರಡಿಸಿದೆ. ಜುಲೈ ಮೊದಲ ವಾರದಲ್ಲಿ ಅಕ್ಕನವರು ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು; ಮಗ ಪರಊರಿನಲ್ಲಿ, ಮಾಸ್ತರರಿಗೆ ಓಡಾಟವಿಲ್ಲ. ಇದನ್ನು ಇದ್ದ ಹಾಗೆಯೇ ಒಂದು ಪುಟದಲ್ಲಿ ಬರೆದು, ಅಕ್ಕನವರ ಕೈಯ ಎಕ್ಸ್‌ರೇ ವರದಿಯ ಪ್ರತಿ ಜೋಡಿಸಿ, ಸುತ್ತೋಲೆಯ ದಿನಾಂಕವನ್ನು ಉಲ್ಲೇಖಿಸಿದೆವು. ತಿದ್ದಿಸಿ ತಂದ ಬಿಲ್ಲುಗಳನ್ನೂ ಚೀಟಿಗಳನ್ನೂ ಜೋಡಿಯಾಗಿ ಪೋಣಿಸಿ, ಮೇಲೊಂದು ಪಟ್ಟಿ ಬರೆದು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ಮೂರು ಬಿಲ್ಲುಗಳನ್ನು ಮಾತ್ರ ಕೇಳಿದೆವು. ನ್ಯಾಯವಾಗಿ ಕಡಿತವಾದದ್ದನ್ನು ಮತ್ತೆ ಕೇಳಲಿಲ್ಲ.

ಕಳುಹಿಸುವ ಮುನ್ನ ಎಲ್ಲದರ ಪ್ರತಿ ತೆಗೆಸಿಟ್ಟೆವು. ಜೂನ್ 2ರ ಬಿಲ್ಲು ಆ ಹೊಳೆಯುವ ತೆಳು ಕಾಗದದ್ದು. ಅಕ್ಷರಗಳು ಆಗಲೇ ಅರ್ಧ ಮಾಸಿದ್ದವು. ಶಾಖಕ್ಕೆ ಅಚ್ಚು ಮೂಡುವ ಈ ಕಾಗದ ಬಿಸಿಲಿಗೆ, ಬಿಸಿಗೆ ಕೆಲವೇ ತಿಂಗಳಲ್ಲಿ ಬರಿದಾಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ ಮೂಲದೊಂದಿಗೆ ಇಡಬೇಕು.

ಅಕ್ಟೋಬರಿನಲ್ಲಿ ಉತ್ತರ ಬಂತು. 640, 4,850 ಮತ್ತು 2,400, ಒಟ್ಟು 7,890 ರೂಪಾಯಿ ಒಪ್ಪಿ, ಅದರಲ್ಲಿ 394 ರೂಪಾಯಿ 50 ಪೈಸೆ ಕಳೆದು, 7,495 ರೂಪಾಯಿ 50 ಪೈಸೆ ಜಮಾ ಮಾಡಿದರು. ಮೊದಲಿನದೂ ಸೇರಿ 9,775 ರೂಪಾಯಿ 50 ಪೈಸೆ ಕೈಗೆ ಬಂದಂತಾಯಿತು.

ಒಂದು ವೇಳೆ ಅವರು ಒಪ್ಪದಿದ್ದರೆ ಏನು ಮಾಡಬೇಕಿತ್ತೆಂದು ಕೆಲವರು ಕೇಳಬಹುದು. ಕ್ಲೇಮನ್ನು ಪೂರ್ತಿ ಅಥವಾ ಭಾಗಶಃ ತಿರಸ್ಕರಿಸುವಾಗ ಪಾಲಿಸಿಯ ಯಾವ ನಿಯಮದಂತೆ ಎಂಬುದನ್ನು ಕಂಪನಿ ಬರೆದು ತಿಳಿಸಬೇಕೆಂದು ಪ್ರಾಧಿಕಾರವು 2024ರಲ್ಲಿ ವಿಧಿಸಿದೆ. ಬರೀ ‘ನಿಯಮಾನುಸಾರ ಇಲ್ಲ’ ಎಂಬ ಉತ್ತರ ಬಂದರೆ ನಿಯಮದ ಸಂಖ್ಯೆಯನ್ನು ಕೇಳಿ ಪತ್ರ ಬರೆಯಬೇಕು. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ರಿಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತಿರಸ್ಕಾರದ ಪತ್ರ, ತಾವು ಬರೆದ ದೂರಿನ ಪ್ರತಿ ಮತ್ತು ಅಂಚೆಯ ರಸೀದಿ ಇವನ್ನು ಜೋಪಾನವಾಗಿಟ್ಟಿರಬೇಕು.

ಮಾಸ್ತರರು ಈಗ ಅಂಗಡಿಗೆ ಹೋದರೆ ಚಿಲ್ಲರೆ ಎಣಿಸುವ ಮೊದಲು ಕನ್ನಡಕ ಹಾಕಿಕೊಂಡು ಬಿಲ್ಲಿನ ಮೇಲಿನ ಹೆಸರನ್ನು ಓದುತ್ತಾರೆ. ಅಂಗಡಿಯ ಹುಡುಗನಿಗೆ ಅದರಿಂದ ಸ್ವಲ್ಪ ಬೇಸರವಂತೆ. ಆಸ್ಪತ್ರೆಯ ಪುಸ್ತಕ ಮಾತ್ರ ಅಕ್ಕನವರ ಟ್ರಂಕಿನಿಂದ ಹೊರಗೆ ಬಂದು, ಪಾಲಿಸಿಯ ಜೊತೆಗೆ ಒಂದೇ ಫೈಲಿನಲ್ಲಿ ಕುಳಿತಿದೆ.